ಪಗಾರ ಒಂದೇ, ತಾಸಿನ ಬೆಲೆ ಬೇರೆ

ಸೊಲ್ಲಾಪುರ: ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರ ಬಿ.ಕಾಂ. ಪದವೀಧರೆಯೊಬ್ಬಳಿಗೆ ಒಂದೇ ವಾರದಲ್ಲಿ ಎರಡು ನೇಮಕಾತಿ ಪತ್ರ ಬಂದವು. ಮೊದಲನೆಯದು ಸೊಲ್ಲಾಪುರ ನಗರದ ಕಂಪ್ಯೂಟರ್ ಕಚೇರಿಯೊಂದರದು. ಅದರಲ್ಲಿ ವರ್ಷಕ್ಕೆ 2,49,600 ರೂಪಾಯಿ ಎಂದು ಬರೆದಿತ್ತು. ಎರಡನೆಯದು ಅಕ್ಕಲಕೋಟೆ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿರುವ ಟವೆಲ್ ಕಾರ್ಖಾನೆಯದು. ಲೆಕ್ಕಪತ್ರ ವಿಭಾಗದ ಕೆಲಸ, ತಿಂಗಳಿಗೆ 20,800 ರೂಪಾಯಿ.

ಅಪ್ಪ ಮೊಬೈಲಿನಲ್ಲಿ 20,800ನ್ನು 12ರಿಂದ ಗುಣಿಸಿ ನೋಡಿದರು. ಸರಿಯಾಗಿ 2,49,600 ಬಂತು. "ಎರಡೂ ಒಂದ ಐತಿ. ಮನಿಗಿ ಹತ್ರ ಇರೋದು ಕಾರ್ಖಾನಿ, ಅಲ್ಲೇ ಹೋಗು" ಎಂದು ತೀರ್ಪು ಕೊಟ್ಟರು. ಆ ಮನೆಯಲ್ಲಿ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಜೆ ಬಂದ ಸೋದರಮಾವ ಪತ್ರದ ಎರಡನೇ ಪುಟ ತಿರುವಿದರು. ಗಿರಣಿಯೊಂದರ ಪಗಾರ ಖಾತೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು ಅವರು. ಕಚೇರಿಗೆ ಶನಿವಾರ, ಭಾನುವಾರ ಎರಡೂ ಸುಟ್ಟಿ, ವಾರಕ್ಕೆ 40 ತಾಸು ಕೆಲಸ. ಕಾರ್ಖಾನೆಗೆ ಭಾನುವಾರ ಮಾತ್ರ ಸುಟ್ಟಿ, ವಾರಕ್ಕೆ 48 ತಾಸು.

"ನೋಡವಾ, ಪಗಾರ ಒಂದ ಐತಿ. ಆದ್ರ ನೀ ಮಾರೋ ತಾಸು ಒಂದಲ್ಲ" ಎಂದು ಮಾಮಾ ಹಳೇ ದಿನದರ್ಶಿಕೆಯ ಹಿಂಬದಿಗೆ ಲೆಕ್ಕ ಶುರು ಮಾಡಿದರು.

ಮೊದಲು ವಾರ, ಆಮೇಲೆ ತಾಸು

ವರ್ಷದ ಪಗಾರವನ್ನು ಮೊದಲು 52 ವಾರಗಳಿಗೆ ಹಂಚಬೇಕು. 2,49,600ನ್ನು 52ರಿಂದ ಭಾಗಿಸಿದರೆ ವಾರಕ್ಕೆ 4,800 ರೂಪಾಯಿ. ಇಲ್ಲಿಯವರೆಗೆ ಎರಡೂ ನೌಕರಿಗೆ ಲೆಕ್ಕ ಒಂದೇ. ವ್ಯತ್ಯಾಸ ಹುಟ್ಟುವುದು ಇದರ ನಂತರ.

ಕಚೇರಿಯಲ್ಲಿ ಆ 4,800 ರೂಪಾಯಿ ಐದು ದಿನಕ್ಕೆ ಹಂಚಿಕೆಯಾಗುತ್ತದೆ. ದಿನಕ್ಕೆ 960, ತಾಸಿಗೆ 120. ಕಾರ್ಖಾನೆಯಲ್ಲಿ ಆರು ದಿನಕ್ಕೆ ಹಂಚಿದರೆ ದಿನಕ್ಕೆ 800, ತಾಸಿಗೆ 100. ವರ್ಷದ ಪಗಾರ ಒಂದೇ ಆದರೂ ಒಂದು ತಾಸಿನಲ್ಲಿ 20 ರೂಪಾಯಿ ಅಂತರ.

ಇದನ್ನೇ ವರ್ಷದ ತಾಸಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. 40 ತಾಸಿನ ವಾರ ಅಂದರೆ ವರ್ಷಕ್ಕೆ 2,080 ತಾಸು. 48 ತಾಸಿನ ವಾರ ಅಂದರೆ 2,496. ನಡುವೆ 416 ತಾಸು, ಅಂದರೆ ಎಂಟು ತಾಸಿನ 52 ಶನಿವಾರ. ಅಪ್ಪನ ಲೆಕ್ಕದಲ್ಲಿ ಈ 52 ದಿನದ ದುಡಿಮೆಗೆ ಬೆಲೆಯೇ ಇರಲಿಲ್ಲ. ಕಾರ್ಖಾನೆಯೂ ತಾಸಿಗೆ 120ರಂತೆ ಕೊಡುವುದಾದರೆ ವರ್ಷಕ್ಕೆ 2,99,520, ತಿಂಗಳಿಗೆ 24,960 ರೂಪಾಯಿ ಕೊಡಬೇಕಾಗುತ್ತಿತ್ತು. ಈಗಿನದಕ್ಕಿಂತ ತಿಂಗಳಿಗೆ 4,160 ಹೆಚ್ಚು.

ಹುಡುಗಿ ಬಿ.ಕಾಂ. ಓದಿದವಳು, ಸುಮ್ಮನೆ ಕೂರಲಿಲ್ಲ. "ಮಾಮಾ, ತಿಂಗಳಿಗೆ ನಾಕ ವಾರ ಹಿಡಿದು 20,800ನ್ನ 160 ತಾಸಿಗೆ ಭಾಗಿಸಿದ್ರ 130 ಬರ್ತದಲ್ರೀ?" ಎಂದಳು. ಎಲ್ಲರೂ ಎಡವುವ ಜಾಗ ಇದೇ. ತಿಂಗಳಿಗೆ ನಾಲ್ಕೇ ವಾರ ಹಿಡಿದರೆ ವರ್ಷಕ್ಕೆ 48 ವಾರ ಮಾತ್ರ ಆಯಿತು, ನಾಲ್ಕು ವಾರ ಕಾಣೆ! ತಿಂಗಳೊಂದಕ್ಕೆ ಸರಾಸರಿ 4.33 ವಾರ. ಅದರ ಪ್ರಕಾರ ಕಚೇರಿಯ ತಿಂಗಳು 173 ತಾಸು ಮತ್ತು ಸ್ವಲ್ಪ, ಕಾರ್ಖಾನೆಯ ತಿಂಗಳು 208 ತಾಸು. ವಾರದ ಪಗಾರದಿಂದ ತಿಂಗಳ ಪಗಾರ ಕಟ್ಟುವಾಗ ಇದೇ ತಪ್ಪು ಮಾಡಿದರೆ ಮೋಸ ಉಲ್ಟಾ ಬೀಳುತ್ತದೆ. 4,800ನ್ನು ನಾಲ್ಕರಿಂದ ಗುಣಿಸಿ 19,200 ಎಂದವನು ತಿಂಗಳಿಗೆ 1,600 ರೂಪಾಯಿ ಕಳೆದುಕೊಳ್ಳುತ್ತಾನೆ.

ವರ್ಷದಲ್ಲಿ 52 ವಾರದ ಮೇಲೆ ಒಂದು ದಿನ, ಅಧಿಕ ವರ್ಷದಲ್ಲಿ ಎರಡು ದಿನ ಉಳಿಯುತ್ತವೆ. ಅದನ್ನೂ ಹಿಡಿದರೆ ವಾರದ ಪಗಾರ ಹದಿಮೂರು ರೂಪಾಯಿಯಷ್ಟು ಇಳಿಯುತ್ತದೆ, ಹೋಲಿಕೆಗೆ ಅಡ್ಡಿಯಿಲ್ಲ. ಎರಡೂ ಕಡೆ ಮಧ್ಯಾಹ್ನದ ಊಟದ ಅರ್ಧ ತಾಸು ಬಿಟ್ಟು ಎಂಟು ತಾಸಿನ ಕೆಲಸ ಎಂದಿತ್ತು. ಊಟದ ಹೊತ್ತನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಲೆಕ್ಕ ಕೆಡುತ್ತದೆ.

26 ಎಂಬ ಅಂಕಿ

ಮಾಮಾ ಹೆಚ್ಚು ಹೊತ್ತು ನಿಂತಿದ್ದು ದಿನದ ಪಗಾರದ ಮೇಲೆ. ಗಿರಣಿಯಲ್ಲಿ ಜಗಳ ಆಗುತ್ತಿದ್ದುದು ವರ್ಷದ ಪಗಾರಕ್ಕಲ್ಲ, ಖಾಡೆ ಬಿದ್ದ ದಿನ ಎಷ್ಟು ಕಡಿತ, ಓವರ್‌ಟೈಮಿಗೆ ಎಷ್ಟು ಎನ್ನುವುದಕ್ಕೆ ಎಂದು ಅವರ ಅನುಭವ.

ತಿಂಗಳ 20,800ನ್ನು 30ರಿಂದ ಭಾಗಿಸಿದರೆ ದಿನಕ್ಕೆ 693 ರೂಪಾಯಿ ಚಿಲ್ಲರೆ. 26ರಿಂದ ಭಾಗಿಸಿದರೆ 800. ತಿಂಗಳಲ್ಲಿ ನಾಲ್ಕು ಭಾನುವಾರ ಕಳೆದರೆ ಉಳಿಯುವ ದುಡಿಮೆಯ ದಿನ ಈ 26. ವರ್ಷಕ್ಕೆ 312 ದಿನ, ಅಂದರೆ 52 ವಾರ, ವಾರಕ್ಕೆ ಆರು ದಿನ. ಅದಕ್ಕೇ ಮೇಲಿನ ವಾರದ ಲೆಕ್ಕಕ್ಕೂ ಇದಕ್ಕೂ ತಾಳೆಯಾಗಿ ಎರಡರಲ್ಲೂ 800 ಬಂತು. ಗ್ರಾಚ್ಯುಟಿ ಲೆಕ್ಕದಲ್ಲೂ 15 ದಿನದ ಪಗಾರ ತೆಗೆಯಲು ತಿಂಗಳ ಪಗಾರವನ್ನು 26ರಿಂದಲೇ ಭಾಗಿಸುತ್ತಾರೆ. 30 ಅಲ್ಲ 26 ಎಂಬುದನ್ನು ಸುಪ್ರೀಂ ಕೋರ್ಟ್ 1980ರಲ್ಲಿ ದಿಗ್ವಿಜಯ ವುಲನ್ ಮಿಲ್ಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮುಂದೆ ಕಾಯ್ದೆಯಲ್ಲೇ ಅದು ಸೇರಿತು.

26 ನೌಕರನಿಗೆ ಯಾವಾಗಲೂ ಲಾಭ ಅಂತ ತಿಳಿಯಬಾರದು. ಬಿನ್‌ಪಗಾರಿ ರಜೆ ಹಾಕಿದರೆ 26ರ ಲೆಕ್ಕದಲ್ಲಿ 800 ಕಡಿತ, 30ರ ಲೆಕ್ಕದಲ್ಲಿ 693 ಮಾತ್ರ. ಓವರ್‌ಟೈಮಿನಲ್ಲಿ ಇದರ ಉಲ್ಟಾ. ಹೆಚ್ಚಿನ ದುಡಿಮೆಗೆ ದುಪ್ಪಟ್ಟು ದರ ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ತಾಸಿಗೆ 100 ಹಿಡಿದರೆ ಓವರ್‌ಟೈಮಿನ ತಾಸಿಗೆ 200. ತಿಂಗಳನ್ನು 30 ದಿನ, 240 ತಾಸು ಎಂದು ಹಿಡಿದರೆ ಅದೇ ತಾಸಿಗೆ 173 ರೂಪಾಯಿ ಚಿಲ್ಲರೆ. ಇಪ್ಪತ್ತು ತಾಸು ಹೆಚ್ಚು ದುಡಿದವನ ಕೈಗೆ 4,000 ಬರುವ ಬದಲು 3,467 ಬರುತ್ತದೆ.

"ಕಡಿತಕ್ಕ 26, ಓವರ್‌ಟೈಮಿಗೆ 30 ಅಂತ ಎರಡು ತಕ್ಕಡಿ ಇಟ್ಟವರನ್ನ ನೋಡೀನಿ. ಪಗಾರ ಚೀಟಿ ತಗೊಂಡು ಎರಡನ್ನೂ ಭಾಗಿಸಿ ನೋಡು, ಸಿಕ್ಕಿಬೀಳ್ತಾರ" ಎಂದರು ಮಾಮಾ. ಚೀಟಿಯಲ್ಲಿ ಕಡಿತದ ದಿನದರ 800, ಓವರ್‌ಟೈಮಿನ ತಾಸು 173 ಎಂದು ಕಂಡರೆ ಕೇಳಲೇಬೇಕು. ಪಗಾರದಲ್ಲಿ ಮನೆ ಬಾಡಿಗೆ ಭತ್ಯೆ ಮುಂತಾದವು ಬೇರೆ ತೋರಿಸಿದ್ದರೆ ಓವರ್‌ಟೈಮಿನ ದರಕ್ಕೆ ಯಾವುದು ಸೇರಿದೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು. ಮೇಲ್ವಿಚಾರಕ, ವ್ಯವಸ್ಥಾಪಕ ಎಂಬ ಹುದ್ದೆ ಬರೆದುಕೊಟ್ಟರೆ ಓವರ್‌ಟೈಮ್ ಸಿಗದೇ ಹೋಗುವುದೂ ಉಂಟು.

ಇನ್ನು ವಾರದ 48 ತಾಸು ಆಕಾಶದಿಂದ ಬಿದ್ದದ್ದಲ್ಲ. 1922ರ ಕಾಯ್ದೆಯಲ್ಲಿ ಕಾರ್ಖಾನೆ ವಾರ 60 ತಾಸಿನದಿತ್ತು. 1934ರಲ್ಲಿ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಿಗೆ 54 ಆಯಿತು, 1946ರಲ್ಲಿ 48ಕ್ಕೆ ಬಂತು. ಸೊಲ್ಲಾಪುರದ ಗಿರಣಿ ಭೋಂಗಾ ಕೇಳಿ ಎದ್ದು ಹೋಗುತ್ತಿದ್ದ ಅಜ್ಜಂದಿರು ಈ ಮೂರೂ ಲೆಕ್ಕದಲ್ಲಿ ದುಡಿದವರು. 40 ತಾಸಿನ ವಾರವನ್ನು ಕಾಯ್ದೆ ಎಲ್ಲರಿಗೂ ಕೊಟ್ಟಿಲ್ಲ. ಕಚೇರಿ ತಾನಾಗಿ ಪತ್ರದಲ್ಲಿ ಬರೆದಿದ್ದರಷ್ಟೇ ಅದು ಹಕ್ಕಾಗುತ್ತದೆ.

ಪತ್ರದೊಳಗಿನ ಪಿ.ಎಫ್.

ಭಾಗಾಕಾರಕ್ಕೆ ಮೊದಲು ಒಂದು ಪ್ರಶ್ನೆ ಉಳಿದಿತ್ತು. ವರ್ಷದ ಅಂಕಿ ಬರೆದವರು ಮಾಲೀಕರ ಪಾಲಿನ ಪಿ.ಎಫ್. ಹಣವನ್ನೂ ಅದರಲ್ಲೇ ಸೇರಿಸಿರುತ್ತಾರೆ, ಇದಕ್ಕೆ ಸಿ.ಟಿ.ಸಿ. ಎನ್ನುತ್ತಾರೆ. ಮೂಲ ಪಗಾರ ತಿಂಗಳಿಗೆ 12,000 ಇದ್ದರೆ ಅದರ ಶೇ. 12, ಅಂದರೆ 1,440 ರೂಪಾಯಿ ಮಾಲೀಕರ ಪಾಲು, ವರ್ಷಕ್ಕೆ 17,280. ಅದನ್ನು ಕಳೆದರೆ 2,49,600 ಹೋಗಿ 2,32,320 ಉಳಿಯುತ್ತದೆ, 40 ತಾಸಿನ ವಾರದಲ್ಲೂ ತಾಸಿಗೆ 120 ಅಲ್ಲ, 112ರೊಳಗೆ ಬರುತ್ತದೆ. ಪಿ.ಎಫ್. ಹಣ ಎಲ್ಲಿಗೂ ಹೋಗುವುದಿಲ್ಲ ನಿಜ. ಆದರೆ ಒಂದು ಪತ್ರದಲ್ಲಿ ಅದು ಸೇರಿ, ಇನ್ನೊಂದರಲ್ಲಿ ಸೇರದೆ ಇದ್ದರೆ ಹೋಲಿಕೆ ಸುಳ್ಳಾಗುತ್ತದೆ. ಹುಡುಗಿ ಕಚೇರಿಗೆ ಫೋನ್ ಮಾಡಿ ಕೇಳಿದಳು. ಮಾಲೀಕರ ಪಾಲು ಬೇರೆ ಎಂದು ಉತ್ತರ ಬಂತು. ಕಾರ್ಖಾನೆಯದೂ ಹಾಗೆಯೇ. ಹಾಗಾಗಿ ಮಾಮಾನ ಲೆಕ್ಕ ಗಟ್ಟಿಯಾಯಿತು.

ಅಪ್ಪ ಹೇಳಿದ ಮನೆಯ ಹತ್ತಿರದ ಮಾತನ್ನೂ ತಾಸಿಗೆ ಇಳಿಸಿ ನೋಡಿದರು. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಎರಡು ತಾಸು ಹಿಡಿದರೆ ಕಚೇರಿಗೆ ವಾರಕ್ಕೆ ಹತ್ತು ತಾಸು, ಕಾರ್ಖಾನೆಗೆ ಹನ್ನೆರಡು. ಕಾರ್ಖಾನೆ ಸ್ವಲ್ಪ ಈಚೆಗೆ ಇದ್ದು ಹತ್ತಿಪ್ಪತ್ತು ನಿಮಿಷ ಉಳಿದರೂ ಆರನೇ ದಿನದ ಓಡಾಟ ಅದನ್ನು ಬಹುಪಾಲು ತಿಂದುಹಾಕುತ್ತದೆ. ಬಸ್ ಚಾರ್ಜು ಬೇರೆ.

ಮರುದಿನ ಹುಡುಗಿ ಧೈರ್ಯ ಮಾಡಿ ಕಾರ್ಖಾನೆಗೆ ಹೋಗಿ 24,960 ಕೇಳಿದಳು. ಅಲ್ಲಿಯ ವ್ಯವಸ್ಥಾಪಕರು ನಕ್ಕು 23,000ಕ್ಕೆ ಬಂದರು. ತಿಂಗಳಿಗೆ 2,200 ಹೆಚ್ಚು. ಮನೆಯಲ್ಲಿ ಮತ್ತೆ ಎಲ್ಲರ ಮನಸ್ಸು ಕಾರ್ಖಾನೆ ಕಡೆ ವಾಲಿತು. ಮಾಮಾ ದಿನದರ್ಶಿಕೆ ಮತ್ತೆ ತಿರುವಿದರು. ಹೆಚ್ಚಾದದ್ದು ವರ್ಷಕ್ಕೆ 26,400. ಅದಕ್ಕಾಗಿ ಕೊಡಬೇಕಾದದ್ದು ಆ 416 ತಾಸು. ಭಾಗಿಸಿದರೆ ಶನಿವಾರದ ಒಂದು ತಾಸಿಗೆ 63 ರೂಪಾಯಿ ಚಿಲ್ಲರೆ.

"ಶನಿವಾರ ಮನ್ಯಾಗ ಸುಮ್ಮ ಕುಂತ್ರ ಯಾರೂ 63 ಸೈತ ಕೊಡಂಗಿಲ್ಲ, ಹಂಗಿದ್ರ ಕಾರ್ಖಾನಿಗಿ ಹೋಗು. ಆ ದಿನಕ್ಕ ಬ್ಯಾರೆ ಕೆಲಸ ಐತಿ ಅಂದ್ರ ಅದರ ದರ ಕೇಳಿ ಬಾ" ಎಂದರು.

ಅಕ್ಕಲಕೋಟೆಯ ಅಡತಿ ಅಂಗಡಿಯೊಂದರಲ್ಲಿ ಶನಿವಾರಕ್ಕೊಮ್ಮೆ ಲೆಕ್ಕ ಬರೆಯಲು ಜನ ಬೇಕಿತ್ತು. ಎಂಟು ತಾಸಿಗೆ 600 ರೂಪಾಯಿ, ತಾಸಿಗೆ 75. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುವ ಮೊದಲು ಹುಡುಗಿ ಕಚೇರಿಯ ಪತ್ರಕ್ಕೆ ಸಹಿ ಮಾಡಿ ಚೀಲದಲ್ಲಿ ಇಟ್ಟುಕೊಂಡಳು. ವಾರಕ್ಕೆ 40 ತಾಸು ಎಂದು ಬರೆದ ಪುಟದ ಝೆರಾಕ್ಸ್ ಪ್ರತಿಯನ್ನು ಮನೆಯಲ್ಲಿ ಬಿಟ್ಟಳು.