ಮಾಯವಾದ ಮಚ್ಚೆ

ಮದ್ದೂರಿನ ನಮ್ಮ ಮನೆ ಜಗುಲಿಯಲ್ಲಿ ಅಕ್ಕನ ಮಗಳು ತೆಗೆದುಕೊಂಡ ಸೆಲ್ಫಿಯಲ್ಲಿ ಅವಳ ಕೆನ್ನೆಯ ಮಚ್ಚೆಯೇ ಇರಲಿಲ್ಲ! "ಅರ್ಜಿಗೆ ಇದನ್ನೇ ಸರಿಮಾಡಿಕೊಡು ಮಾವ" ಎಂದಳು.

ಗ್ಯಾಲರಿಯಲ್ಲಿ ತಿದ್ದಿದ ಚಿತ್ರವಾಗಿದ್ದರೆ ಅನೇಕ ಫೋನ್‌ಗಳಲ್ಲಿ Revert ಒತ್ತಿದರೆ ಮೂಲ ಚಿತ್ರ ಮರಳುತ್ತದೆ. ಇಲ್ಲಿ ಆ ಗುಂಡಿಯೇ ಕಾಣಲಿಲ್ಲ. ಕ್ಯಾಮೆರಾವೇ ಬ್ಯೂಟಿ ಬಳಿದು ಚಿತ್ರ ಉಳಿಸಿತ್ತು. ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ಚರ್ಮ ನುಣುಪು ಮಾಡಿದ ಮೇಲೆ ಮಚ್ಚೆ ಆ ಚಿತ್ರದೊಳಗೆ ಎಲ್ಲೂ ಉಳಿದಿರುವುದಿಲ್ಲ. ಆದರೂ ಆಸೆ ಬಿಡದೆ ಶಾರ್ಪ್‌ನೆಸ್ ಏರಿಸಿದೆ. ಹುಬ್ಬಿನ ಅಂಚು ಒರಟಾಯಿತು, ಕೆನ್ನೆ ಮೇಣದಂತೆಯೇ ಇತ್ತು.

ಕೊನೆಗೆ ಸೆಲ್ಫಿ ಕ್ಯಾಮೆರಾದ ಬ್ಯೂಟಿ ಗುರುತು ಒತ್ತಿ, ನುಣುಪು, ಬಣ್ಣ, ಮುಖದ ಆಕಾರ ಮೂರನ್ನೂ ಸೊನ್ನೆಗಿಳಿಸಿ ಮತ್ತೆ ತೆಗೆದೆವು. ಹಿಗ್ಗಿಸಿ ನೋಡಿದರೆ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಂಡವು. ಆಮೇಲೆಯೇ ಬೆಳಕು ಹೊಂದಿಸಿ ಕತ್ತರಿಸಿದೆ.

"ಮಚ್ಚೆ ಬಂತು ಸರಿ, ಮೊಡವೆಯೂ ಬಂತಲ್ಲ ಮಾವ!"