ಕೆಲಸದ ನಡುವೆ ಇನ್ಸುಲಿನ್: ಮ್ಯಾನೇಜರ್‌ಗೆ ಪತ್ರ ಬರೆಯುವುದು ಹೇಗೆ?

ಗೌರಿಬಿದನೂರಿನ ಗಾರ್ಮೆಂಟ್ಸ್‌ಗಳಲ್ಲಿ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ, ಚಿಂತಾಮಣಿ ಮತ್ತು ಚಿಕ್ಕಬಳ್ಳಾಪುರದ ಅಂಗಡಿ, ಗೋದಾಮುಗಳಲ್ಲಿ ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಗಂಡಸರು ದುಡಿಯುತ್ತಾರೆ. ಅವರಲ್ಲಿ ಷುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹಲವರು ಕೆಲಸದ ಜಾಗದಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಧ್ಯಾಹ್ನದ ಇಂಜೆಕ್ಷನ್ ಬಿಟ್ಟುಬಿಡುತ್ತಾರೆ, ಇಲ್ಲವೇ ಶೌಚಾಲಯದ ಬಾಗಿಲು ಹಾಕಿಕೊಂಡು ಅವಸರದಲ್ಲಿ ಚುಚ್ಚಿಕೊಳ್ಳುತ್ತಾರೆ. ಎರಡೂ ಅಪಾಯ. ಇದಕ್ಕೆ ಒಂದು ಪುಟದ ಪತ್ರ ಸಾಕಾಗಬಹುದು. ಆದರೆ ಅದರಲ್ಲಿ ಏನು ಇರಬೇಕು ಎಂದು ತಿಳಿದು ಬರೆಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಾರ್ಮೆಂಟ್ಸ್‌ನ ಒಬ್ಬ ಟೈಲರ್. ಕೆಲಸ ಬೆಳಿಗ್ಗೆ 9ರಿಂದ ಸಂಜೆ 5.30, ಊಟ ಮಧ್ಯಾಹ್ನ 1ಕ್ಕೆ. ವೈದ್ಯರು ದಿನಕ್ಕೆ ಮೂರು ಸಲ ಊಟಕ್ಕೆ ಮುಂಚೆ ರೆಗ್ಯುಲರ್ ಇನ್ಸುಲಿನ್, ರಾತ್ರಿ ಇನ್ನೊಂದು ನಿಧಾನ ಇನ್ಸುಲಿನ್ ಬರೆದಿದ್ದಾರೆ. ರೆಗ್ಯುಲರ್ ಇನ್ಸುಲಿನ್ ಚುಚ್ಚಿದ ಕೂಡಲೇ ಕೆಲಸ ಮಾಡುವುದಿಲ್ಲ. ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಆದ್ದರಿಂದ 1 ಗಂಟೆಯ ಊಟಕ್ಕೆ 12.30ಕ್ಕೇ ಚುಚ್ಚಬೇಕು. "ಊಟದ ಬಿಡುವಿನಲ್ಲೇ ಹಾಕಿಕೊಳ್ಳಮ್ಮ" ಎಂದು ಸೂಪರ್‌ವೈಸರ್ ಹೇಳಿದರೆ ಊಟವಾದ ಮೇಲೆ ಷುಗರ್ ಏರುತ್ತದೆ, ಇನ್ಸುಲಿನ್‌ನ ಜೋರು ಸಂಜೆಗೆ ಉಳಿಯುತ್ತದೆ. ಚುಚ್ಚಿದ ಮೇಲೆ "ಈ ಲಾಟ್ ಮುಗಿಸಿ ಹೋಗು" ಎಂದು ಊಟ ತಡಮಾಡಿದರೆ ಇನ್ನೂ ಕೆಟ್ಟದ್ದು. ಹೊಟ್ಟೆ ಖಾಲಿಯಿರುವಾಗಲೇ ಷುಗರ್ ಕುಸಿಯುತ್ತದೆ.

ಇದೇ ಇನ್ಸುಲಿನ್ ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ಹೆಚ್ಚು ಬಲವಾಗಿರುತ್ತದೆ. ಬೆಳಿಗ್ಗೆ 8ಕ್ಕೆ ಚುಚ್ಚಿದವರಿಗೆ 11ರ ಹೊತ್ತಿಗೆ, 12.30ಕ್ಕೆ ಚುಚ್ಚಿದವರಿಗೆ 4ರ ಹೊತ್ತಿಗೆ ಷುಗರ್ ಇಳಿಯುವ ಸಂಭವ. ಮೈ ನಡುಗುವುದು, ತಣ್ಣನೆ ಬೆವರು, ಎದೆ ಬಡಿತ, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು, ಇವು ಗುರುತು. ಹೊಲಿಗೆ ಯಂತ್ರದ ಸೂಜಿಯ ಮುಂದೆ, ಗೂಡು ಬೇಯುವ ಬಿಸಿನೀರಿನ ಮುಂದೆ ಹೀಗಾದರೆ ಕೈಗೆ ಪೆಟ್ಟು ಖಚಿತವೆಂದೇ ತಿಳಿಯಿರಿ. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಬೇಕು. ಕುಳಿತು 15 ನಿಮಿಷ ಕಾದು ಮತ್ತೆ ನೋಡಬೇಕು. ಆಗಲೂ ಕಡಿಮೆಯಿದ್ದರೆ ಇನ್ನೊಮ್ಮೆ ಕುಡಿಯಬೇಕು. ಸರಿಹೋದ ಮೇಲೆ ಏನಾದರೂ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ 108ಕ್ಕೆ ಫೋನ್ ಮಾಡಬೇಕು.

ಇನ್ನು ಜಾಗದ ಮಾತು. ಇನ್ಸುಲಿನ್ ಹೊಟ್ಟೆಗೆ ಅಥವಾ ತೊಡೆಗೆ ಹಾಕುವುದು. ಬಟ್ಟೆಯ ಮೇಲಿಂದ ಚುಚ್ಚಬಾರದು, ಆದ್ದರಿಂದ ಕಮೀಜ್ ಎತ್ತಲೇಬೇಕು. ಹೆಣ್ಣುಮಕ್ಕಳು ಮರೆ ಕೇಳುವುದು ಇದಕ್ಕೇ. ಶೌಚಾಲಯದಲ್ಲಿ ಮರೆ ಇದೆ, ಆದರೆ ಒಣ ಜಾಗವಿಲ್ಲ. ಪೆನ್, ಸೂಜಿ, ಮೀಟರ್ ಇಡಲು ಏನೂ ಇರುವುದಿಲ್ಲ, ಕೈ ತೊಳೆದ ಮೇಲೂ ಕೊಳಕು ಮುಟ್ಟಬೇಕಾಗುತ್ತದೆ. ಪೆನ್ ಒತ್ತಿ 10 ಎಣಿಸುವವರೆಗೆ ಸೂಜಿ ಒಳಗೇ ಇರಬೇಕು. ಹೊರಗೆ ಯಾರೋ ಬಾಗಿಲು ಬಡಿದರೆ ಬೇಗ ತೆಗೆದು, ಇನ್ಸುಲಿನ್ ಸ್ವಲ್ಪ ಹೊರಗೇ ಸೋರುತ್ತದೆ. ಪರದೆ ಎಳೆದ ಒಂದು ಮೂಲೆ, ಕುರ್ಚಿ, ಚಿಕ್ಕ ಮೇಜು, ಹತ್ತಿರದಲ್ಲಿ ನೀರು ಇದ್ದರೆ ಸಾಕು. ಪ್ರಥಮ ಚಿಕಿತ್ಸೆಯ ಕೋಣೆ ಅಥವಾ ಮಹಿಳೆಯರ ವಿಶ್ರಾಂತಿ ಕೋಣೆ ಇದಕ್ಕೆ ಸರಿಯಾದ ಜಾಗ.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲ. ಶಾಲೆಯ ಮಕ್ಕಳ ವಿಷಯದಲ್ಲಿ ಮಾತ್ರ, 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ತರಗತಿಯಲ್ಲೇ ಷುಗರ್ ನೋಡಿಕೊಳ್ಳಲು, ಇನ್ಸುಲಿನ್ ಹಾಕಿಕೊಳ್ಳಲು, ನಡುವೆ ತಿಂಡಿ ತಿನ್ನಲು ಅವಕಾಶ ಕೊಡಬೇಕೆಂದು ರಾಜ್ಯಗಳಿಗೆ ಬರೆಯಿತು. ದುಡಿಯುವವರಿಗೆ ಈ ಪಟ್ಟಿಯ ಆಸರೆ ಇಲ್ಲದ್ದರಿಂದ "ನನಗೆ ಹಕ್ಕಿದೆ" ಎಂಬ ಧಾಟಿಗಿಂತ, ಎಷ್ಟು ನಿಮಿಷ, ಯಾವಾಗ, ಎಲ್ಲಿ ಎಂದು ಲೆಕ್ಕ ಕೊಡುವ ಪತ್ರವೇ ಕೆಲಸ ಮಾಡುತ್ತದೆ. "ಆಗಾಗ ಬಿಡುವು ಬೇಕು" ಎಂದು ಬರೆದರೆ ಮ್ಯಾನೇಜರ್‌ಗೆ ಪ್ರೊಡಕ್ಷನ್ ನಿಂತಂತೆ ಕಾಣುತ್ತದೆ. ಮೇಲಿನ ಟೈಲರ್‌ನ ಪತ್ರ ಹೀಗಿರಬಹುದು:

"ಮಾನ್ಯ ವ್ಯವಸ್ಥಾಪಕರಿಗೆ,

ನಾನು ನಮ್ಮ ಕಾರ್ಖಾನೆಯ 4ನೇ ಲೈನಿನಲ್ಲಿ ಟೈಲರ್ ಆಗಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇದ್ದು, ವೈದ್ಯರ ಸಲಹೆಯಂತೆ ಕೆಲಸದ ವೇಳೆಯಲ್ಲಿ ಒಮ್ಮೆ ಇನ್ಸುಲಿನ್ ಹಾಕಿಕೊಳ್ಳಬೇಕಾಗಿದೆ. ಇದಕ್ಕಾಗಿ ಕೆಳಗಿನ ಅನುಕೂಲ ಮಾಡಿಕೊಡಬೇಕೆಂದು ಕೋರುತ್ತೇನೆ.

ಮಧ್ಯಾಹ್ನ 12.30ಕ್ಕೆ 10 ನಿಮಿಷ, ಷುಗರ್ ನೋಡಿ ಇಂಜೆಕ್ಷನ್ ತೆಗೆದುಕೊಳ್ಳಲು. ಇಂಜೆಕ್ಷನ್ ಆದ ದಿನ ನನ್ನ ಊಟವನ್ನು 1 ಗಂಟೆಗಿಂತ ಮುಂದೂಡದಿರಲು ವಿನಂತಿ. ಬೆಳಿಗ್ಗೆ 10.45 ಮತ್ತು ಸಂಜೆ 4ಕ್ಕೆ 5 ನಿಮಿಷ, ತಿಂಡಿ ತಿನ್ನಲು. ಷುಗರ್ ಕಡಿಮೆಯಾದ ಲಕ್ಷಣ ಕಂಡರೆ ತಕ್ಷಣ ಯಂತ್ರ ನಿಲ್ಲಿಸಿ 15 ನಿಮಿಷ ಕೂರಲು ಅನುಮತಿ. ಇಂಜೆಕ್ಷನ್‌ಗೆ ಪ್ರಥಮ ಚಿಕಿತ್ಸೆಯ ಕೋಣೆಯನ್ನು ಬಳಸಲು ಅವಕಾಶ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ನಾನೇ ವಾಪಸ್ ಒಯ್ಯುತ್ತೇನೆ.

ನಾನು ಎದ್ದ ಹೊತ್ತು ನನ್ನ ಜಾಗಕ್ಕೆ ಬದಲಿ ಟೈಲರ್ ಕೂರಿಸುವ ಬಗ್ಗೆ ಸೂಪರ್‌ವೈಸರ್ ಜೊತೆ ಮಾತಾಡಲು ಸಿದ್ಧಳಿದ್ದೇನೆ. ಒಂದು ತಿಂಗಳು ನೋಡಿ, ತೊಂದರೆಯಿದ್ದರೆ ವೇಳೆ ಬದಲಿಸೋಣ. ನನ್ನ ಕಾಯಿಲೆಯ ವಿಷಯವನ್ನು ಅಗತ್ಯವಿರುವವರಿಗೆ ಮಾತ್ರ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ವೈದ್ಯರ ಚೀಟಿ ಲಗತ್ತಿಸಿದೆ.

ತಮ್ಮ ವಿಶ್ವಾಸಿ"

ಒಟ್ಟು ಲೆಕ್ಕ ದಿನಕ್ಕೆ 20 ನಿಮಿಷ. ವೈದ್ಯರ ಚೀಟಿಯಲ್ಲಿ ಇನ್ಸುಲಿನ್ ಹೊತ್ತು, ತಿಂಡಿಯ ಹೊತ್ತು, ಷುಗರ್ ಇಳಿದರೆ ಏನು ಮಾಡಬೇಕು, ಇಷ್ಟು ಇದ್ದರೆ ಸಾಕು, ಹಳೆಯ ವರದಿಗಳೆಲ್ಲ ಬೇಡ. ಇಎಸ್‌ಐ ಕಾರ್ಡ್ ಇದ್ದವರು ಅಲ್ಲಿನ ವೈದ್ಯರಿಂದಲೇ ಬರೆಸಿಕೊಳ್ಳಬಹುದು. ಪತ್ರದ ಎರಡು ಪ್ರತಿ ಮಾಡಿ, ಒಂದಕ್ಕೆ ತಾರೀಖಿನೊಂದಿಗೆ ಸ್ವೀಕೃತಿ ಸಹಿ ಹಾಕಿಸಿ ಮನೆಯಲ್ಲಿಡಿ. ಪಕ್ಕದಲ್ಲಿ ಕೂರುವ ಒಬ್ಬರಿಗಾದರೂ ಷುಗರ್ ಇಳಿದ ಗುರುತು ಹೇಳಿಕೊಡಿ, ಏಕೆಂದರೆ ಆ ಹೊತ್ತಿಗೆ ನಿಮಗೇ ಗೊತ್ತಾಗದಿರಬಹುದು.

ಪತ್ರ ಕೊಡುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಿ. ಬೆಳಿಗ್ಗೆ, ರಾತ್ರಿ ಮಾತ್ರ ಹಾಕುವ ಬೆರಕೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೆಲಸದಲ್ಲಿ ಇಂಜೆಕ್ಷನ್ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಊಟ, ತಿಂಡಿ ಸಿಕ್ಕರೆ ಸಾಕು. ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್ ಆದರೆ ಊಟಕ್ಕೆ ಕೂರುವ ಮುನ್ನ ಹಾಕಿಕೊಂಡರೆ ಆಯಿತು, 12.30ಕ್ಕೆ ಏಳುವುದೇ ತಪ್ಪುತ್ತದೆ. ಅದರ ಬೆಲೆ ಹೆಚ್ಚು. ನಾವೇ ಬದಲಿಸಿಕೊಳ್ಳುವಂತಿಲ್ಲ.

ಶಿಡ್ಲಘಟ್ಟದ ಮನೆ ಘಟಕಗಳಲ್ಲಿ ಮ್ಯಾನೇಜರ್ ಇರುವುದಿಲ್ಲ, ಮಾಲೀಕರೇ ಎಲ್ಲ. ಅಲ್ಲಿ ಪತ್ರದ ಬದಲು ವೈದ್ಯರ ಚೀಟಿ ತೋರಿಸಿ ಇದೇ ಲೆಕ್ಕ ಹೇಳಿದರೂ ನಡೆಯುತ್ತದೆ. ಬಾಯ್ಲರ್, ಬೇಸಿನ್‌ನ ಹತ್ತಿರ ಇನ್ಸುಲಿನ್ ಇಡಬೇಡಿ. ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿ 30 ಡಿಗ್ರಿಗಿಂತ ಕೆಳಗಿದ್ದರೆ ಸುಮಾರು 4 ವಾರ ತಡೆಯುತ್ತದೆ, ಬಿಸಿ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ನೆರಳಿಗೆ ಇಡಿ.

ರಂಜಾನ್ ಬಂದಾಗ ಈ ಪತ್ರದ ವೇಳೆ ಬದಲಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ರೋಜಾ ಇಡಬಹುದೇ, ಎಷ್ಟು ಯೂನಿಟ್ ಎಂಬುದನ್ನು ತಿಂಗಳಿಗೂ ಮುಂಚೆ ವೈದ್ಯರಲ್ಲಿ ಕೇಳಬೇಕು. ಬೆರಳು ಚುಚ್ಚಿ ಷುಗರ್ ನೋಡುವುದರಿಂದ, ಇನ್ಸುಲಿನ್ ಇಂಜೆಕ್ಷನ್‌ನಿಂದ ರೋಜಾ ಮುರಿಯುವುದಿಲ್ಲ ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಆದರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕು ಎನ್ನುತ್ತಾರೆ ವೈದ್ಯರು. ಆ ತಿಂಗಳು ಸಂಜೆ ಪಾಳಿ ಇದ್ದವರು ಇಫ್ತಾರ್ ಹೊತ್ತಿಗೆ 20 ನಿಮಿಷ ಕೇಳಿ ಹೊಸ ಪತ್ರ ಕೊಡಲಿ. ಷುಗರ್ ನೋಡುವ 15 ನಿಮಿಷದ ಅನುಮತಿ ಮಾತ್ರ ಹಾಗೆಯೇ ಇರಲಿ, ಅದನ್ನು ಬಿಟ್ಟುಕೊಡಬೇಡಿ.