ಪಾಠದ ನಡುವೆ ಟೀಚರ್ ಯಾಕೆ ನಿಂತುಹೋಗುತ್ತಾರೆ?

ಆನ್‌ಲೈನ್ ಪಾಠದಲ್ಲಿ ವಿಡಿಯೊ ನಿಂತಾಗ ಮೊದಲು ಕೇಳಬೇಕಾದದ್ದು: ಯಾರಿಗೆ ಯಾರು ನಿಂತಂತೆ ಕಾಣುತ್ತಿದ್ದಾರೆ? ನಿಮ್ಮ ಪರದೆಯಲ್ಲಿ ಒಬ್ಬ ವಿದ್ಯಾರ್ಥಿ ಮಾತ್ರ ನಿಂತಿದ್ದರೆ ತೊಂದರೆ ಹೆಚ್ಚಾಗಿ ಅವನ ಮನೆಯದು. ಎಲ್ಲರೂ ಒಟ್ಟಿಗೆ ನಿಂತರೆ ನಿಮ್ಮ ಡೌನ್‌ಲೋಡನ್ನೋ ಕಂಪ್ಯೂಟರನ್ನೋ ನೋಡಬೇಕು. ನಿಮಗೆ ಎಲ್ಲರೂ ಚೆನ್ನಾಗಿ ಕಾಣುತ್ತಿದ್ದು, ಅವರಿಗೆಲ್ಲ ನೀವೊಬ್ಬರೇ ನಿಂತಂತೆ ಕಂಡರೆ, ಕೆಟ್ಟಿರುವುದು ನಿಮ್ಮ ಮನೆಯಿಂದ ಹೊರಗೆ ಹೋಗುವ ದಾರಿ. ಅದೇ ಅಪ್‌ಲೋಡ್.

ಪಾಠ ಹೇಳುವವರನ್ನು ಕಾಡುವುದು ಹೆಚ್ಚಾಗಿ ಈ ಮೂರನೆಯ ಬಗೆ. ನನಗೆ ಪರಿಚಯದ ಸಂಗೀತ ಶಿಕ್ಷಕಿಯೊಬ್ಬರು ಮೈಸೂರಿನಲ್ಲಿ ಬೆಳಗ್ಗೆ ಆರೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಬೇಸಿಗೆಯಲ್ಲಿ ಅದು ಹಿಂದಿನ ದಿನದ ಸಂಜೆ ಆರು ಗಂಟೆ. ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಮೀಟ್ ತೆರೆದು ಪಾಠ. ಸರಳೆ ಅರ್ಧಕ್ಕೆ ಬರುವಷ್ಟರಲ್ಲಿ "ಟೀಚರ್, ನೀವು ಸ್ಟಕ್ ಆಗಿದ್ದೀರಿ" ಎನ್ನುವ ದೂರು. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ "ಮೇಡಂ, ನಿಮಗೆ ನೂರು ಎಂಬಿಪಿಎಸ್ ಬರ್ತಾ ಇದೆ" ಎಂಬ ಉತ್ತರ. ಆ ಮಾತು ಸುಳ್ಳಲ್ಲ. ಆದರೆ ಆ ನೂರು ಡೌನ್‌ಲೋಡಿನ ಲೆಕ್ಕ. ಎಷ್ಟೋ ಸಂಪರ್ಕಗಳಲ್ಲಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಂತೂ, ಒಳಗೆ ಬರುವ ವೇಗದ ಸಣ್ಣ ಪಾಲು ಮಾತ್ರ ಹೊರಗೆ ಹೋಗಲು ಸಿಗುತ್ತದೆ.

ಅಳೆಯುವುದು ಕಷ್ಟವಲ್ಲ. ಬ್ರೌಸರಿನಲ್ಲಿ fast.com ತೆರೆದರೆ ದೊಡ್ಡದಾಗಿ ಕಾಣುವುದು ಡೌನ್‌ಲೋಡ್ ಅಂಕಿ. ಅದು ನಿಂತ ಮೇಲೆ Show more info ಒತ್ತಿದರೆ Upload ಮತ್ತು Latency ಅಂಕಿಗಳೂ ಬರುತ್ತವೆ. ನಾವು ನೋಡಬೇಕಾದದ್ದು ಇವನ್ನೇ. ಲೇಟೆನ್ಸಿ ಎಂದರೆ ಕಳಿಸಿದ್ದು ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡುಗಳಲ್ಲಿ. ಮಧ್ಯಾಹ್ನ ಬಿಡುವಾಗಿದ್ದಾಗ ಪರೀಕ್ಷೆ ಮಾಡಿ ನೆಮ್ಮದಿಪಟ್ಟರೆ ಏನೂ ತಿಳಿಯುವುದಿಲ್ಲ. ಪಾಠದ ಹೊತ್ತಿನಲ್ಲೇ, ಮನೆಯಲ್ಲಿ ಏನೇನು ನಡೆಯುತ್ತಿರುತ್ತದೋ ಅದೆಲ್ಲ ನಡೆಯುತ್ತಿರುವಾಗಲೇ, ಕ್ಲಾಸಿಗೆ ಎರಡು ನಿಮಿಷ ಮುಂಚೆ ನೋಡಬೇಕು. ಈ ಶಿಕ್ಷಕಿಯ ಮನೆಯಲ್ಲಿ ಮಧ್ಯಾಹ್ನ ಅಪ್‌ಲೋಡ್ 5 ಎಂಬಿಪಿಎಸ್, ಲೇಟೆನ್ಸಿ 30 ಇತ್ತು. ಬೆಳಗ್ಗೆ ಅಪ್‌ಲೋಡ್ 0.7ಕ್ಕೆ ಇಳಿದಿತ್ತು, ಲೇಟೆನ್ಸಿ 800ಕ್ಕೆ ಏರಿತ್ತು.

ಬಿಡುವಿನ ಹೊತ್ತಿಗಿಂತ ಲೇಟೆನ್ಸಿ ಹೀಗೆ ಹಲವು ಪಟ್ಟು ಏರಿದ್ದರೆ ಅದೇ ಸಾಲಿನಲ್ಲಿ ಇನ್ಯಾರೋ ಏನನ್ನೋ ಹೊರಗೆ ಕಳಿಸುತ್ತಿದ್ದಾರೆಂದು ಸಂಶಯಪಡಬಹುದು. ಮನೆಯೊಳಗೆಲ್ಲ ಹುಡುಕಿದಾಗ ಸಿಕ್ಕಿದ್ದು ಮಗಳ ಫೋನು. ಮದುವೆ ಮನೆಯಲ್ಲಿ ತೆಗೆದ ಉದ್ದುದ್ದ ವಿಡಿಯೊಗಳು ಅದರಲ್ಲಿದ್ದವು. ರಾತ್ರಿ ಚಾರ್ಜಿಗೆ ಹಾಕಿದ ಫೋನು ವೈಫೈ ಹಿಡಿದು, ಅವನ್ನೆಲ್ಲ ಗೂಗಲ್ ಫೋಟೋಸ್‌ಗೆ ಏರಿಸುತ್ತ ಬೆಳಗಿನವರೆಗೂ ಕೂತಿತ್ತು. ಇಂಥ ಬ್ಯಾಕಪ್ ಸಿಕ್ಕಷ್ಟು ಅಪ್‌ಲೋಡನ್ನೂ ಬಳಸಿಕೊಳ್ಳುತ್ತದೆ. ಆಗ ರೌಟರಿನಲ್ಲಿ ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳ ಉದ್ದ ಸಾಲು ಬೆಳೆಯುತ್ತದೆ, ಶಿಕ್ಷಕಿಯ ವಿಡಿಯೊ ಆ ಸಾಲಿನ ಕೊನೆಗೆ ನಿಲ್ಲುತ್ತದೆ. ಫೋಟೊ ಒಂದು ಸೆಕೆಂಡ್ ತಡವಾಗಿ ತಲುಪಿದರೆ ಯಾರಿಗೂ ನಷ್ಟವಿಲ್ಲ. ಪಾಠದ ವಿಡಿಯೊ ಹಾಗೆ ತಡವಾದರೆ ಅದರಿಂದ ಉಪಯೋಗವೇ ಇಲ್ಲ. ವಿಡಿಯೊ ಕಳಿಸುವಾಗ ಪ್ರತಿ ಸಲವೂ ಇಡೀ ಚಿತ್ರ ಹೋಗುವುದಿಲ್ಲ, ಹಿಂದಿನ ಚಿತ್ರಕ್ಕಿಂತ ಬದಲಾದಷ್ಟು ಭಾಗ ಮಾತ್ರ ಹೋಗುತ್ತದೆ. ನಡುವಿನದೊಂದು ಕಳೆದುಹೋದರೆ ಮುಂದಿನದನ್ನು ಜೋಡಿಸಲು ಬರುವುದಿಲ್ಲ. ಅದಕ್ಕೇ ಅಲ್ಲಿ ಟೀಚರ್ ಬಾಯಿ ತೆರೆದ ಹಾಗೇ ನಿಂತುಬಿಡುತ್ತಾರೆ. ಧ್ವನಿಗೆ ಬೇಕಾಗುವ ಅಪ್‌ಲೋಡ್ ವಿಡಿಯೊಗಿಂತ ಎಷ್ಟೋ ಕಡಿಮೆ. ಹಾಗಾಗಿ ಚಿತ್ರ ನಿಂತ ಮೇಲೂ ಹಾಡು ಕೇಳುತ್ತಿರುತ್ತದೆ.

ಪಾಠದ ಹೊತ್ತಿಗೆ ಆ ಫೋನಿನ ವೈಫೈ ಆರಿಸಿದ್ದೇ ಅಪ್‌ಲೋಡ್ ಮತ್ತೆ 5ಕ್ಕೆ ಬಂತು. ಲ್ಯಾಪ್‌ಟಾಪಿನಲ್ಲೇ ಒನ್‌ಡ್ರೈವ್, ಗೂಗಲ್ ಡ್ರೈವ್ ಇದ್ದರೆ ಅವನ್ನೂ ಆ ಒಂದು ಗಂಟೆ ತಡೆಹಿಡಿಯಬೇಕು.

ಆದರೂ ಚಿತ್ರ ಪೂರ್ತಿ ಸರಿಹೋಗಲಿಲ್ಲ. ಈಗ ನಿಲ್ಲುತ್ತಿರಲಿಲ್ಲ, ಕುಂಟುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಇದು ನೆಟ್ಟಿನ ತೊಂದರೆಯಲ್ಲ, ಕಂಪ್ಯೂಟರಿನ ದಣಿವು. ಕ್ಯಾಮೆರಾದ ಚಿತ್ರವನ್ನು ಪ್ರತಿ ಕ್ಷಣವೂ ಸಣ್ಣದಾಗಿ ಕುಗ್ಗಿಸಿ ಕಳಿಸುವುದು ಪ್ರೊಸೆಸರಿಗೆ ಭಾರದ ಕೆಲಸ. ಕ್ರೋಮಿನಲ್ಲಿ Shift + Esc ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ CPU ಎಂಬ ತಲೆಬರಹ ಒತ್ತಿದರೆ ಹೆಚ್ಚು ದುಡಿಸುತ್ತಿರುವ ಟ್ಯಾಬ್ ಮೇಲೆ ಬರುತ್ತದೆ. ನಾವು ನೋಡಿದಾಗ ಮೀಟ್‌ನ ಜತೆಗೆ ಹಿಂದಿನ ರಾತ್ರಿ ಕೇಳುತ್ತಿದ್ದ ಕಛೇರಿಯ ಯೂಟ್ಯೂಬ್ ಟ್ಯಾಬ್ ಮೇಲಿತ್ತು. ಜಾಹೀರಾತು ಮಿನುಗುವ ಸುದ್ದಿ ಪುಟವೂ ಪಟ್ಟಿಯಲ್ಲಿತ್ತು. ಅವನ್ನು ಆರಿಸಿ End process ಒತ್ತಿದೆವು. ಬರೀ ಅಕ್ಷರವಿರುವ ಇಪ್ಪತ್ತು ಪುಟಗಳು ಪ್ರೊಸೆಸರನ್ನು ಅಷ್ಟು ಕಾಡುವುದಿಲ್ಲ, ಓಡುವ ವಿಡಿಯೊ ಇರುವ ಒಂದೇ ಟ್ಯಾಬ್ ಸಾಕು. ಮೀಟ್‌ನೊಳಗೇ ಇದ್ದ ಇನ್ನೊಂದು ಭಾರ, ಬೆನ್ನ ಹಿಂದಿನ ಗೋಡೆಯನ್ನು ಮಸುಕು ಮಾಡುವ ಬ್ಲರ್. ಹಳೆಯ ಲ್ಯಾಪ್‌ಟಾಪಿಗೆ ಅದೇ ದೊಡ್ಡ ಹೊರೆ. ಅದನ್ನು ತೆಗೆದದ್ದೇ ಫ್ಯಾನಿನ ಸದ್ದು ಇಳಿಯಿತು.

ತಪ್ಪು ನೆಟ್ಟಿನದೋ ಕಂಪ್ಯೂಟರಿನದೋ ಎಂಬ ಅನುಮಾನ ಉಳಿದರೆ ಕ್ರೋಮ್ ತಾನೇ ಹೇಳುತ್ತದೆ. ಪಾಠ ನಡೆಯುತ್ತಿರುವಾಗ ಇನ್ನೊಂದು ಟ್ಯಾಬಿನಲ್ಲಿ ಇದನ್ನು ಟೈಪಿಸಿ:

```
chrome://webrtc-internals
```

ಅಂಕಿಗಳ ಜಾತ್ರೆಯೇ ಇರುವ ಪುಟ ಅದು. ಹೆದರಬೇಡಿ. outbound-rtp ಎಂಬ ಸಾಲುಗಳಲ್ಲಿ video ಎಂದಿರುವುದನ್ನು ತೆರೆದು qualityLimitationReason ಮುಂದೆ ಏನಿದೆ ಎಂಬುದಷ್ಟನ್ನೇ ನೋಡಿ. bandwidth ಎಂದಿದ್ದರೆ ಅಪ್‌ಲೋಡ್ ಸಾಲುತ್ತಿಲ್ಲ, cpu ಎಂದಿದ್ದರೆ ಕಂಪ್ಯೂಟರ್ ದಣಿದಿದೆ, none ಎಂದಿದ್ದರೆ ಚಿತ್ರ ಕಳಿಸಲು ನಿಮ್ಮ ಕಡೆ ಅಡ್ಡಿಯಿಲ್ಲ. ನೋಡಿದ ಮೇಲೆ ಆ ಟ್ಯಾಬನ್ನು ಮುಚ್ಚಿಬಿಡಿ, ಅದೂ ಪ್ರೊಸೆಸರನ್ನು ತಿನ್ನುತ್ತದೆ.

ಮೀಟ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ವಿಭಾಗಕ್ಕೆ ಹೋಗಿ ಕಳಿಸುವ ರೆಸಲ್ಯೂಷನ್ನನ್ನು 720pಯಿಂದ 360pಗೆ ಇಳಿಸುವುದು ಅಪ್‌ಲೋಡಿಗೂ ಪ್ರೊಸೆಸರಿಗೂ ಒಟ್ಟಿಗೆ ಆಗುವ ಉಪಕಾರ. ತಾಳ ಹಾಕುವ ಕೈ, ಹಾಡುವ ಬಾಯಿ ಕಾಣಲು 360p ಸಾಕು. ಗಣಿತ ಕಲಿಸುವವರು ಬೋರ್ಡನ್ನು ಕ್ಯಾಮೆರಾದಲ್ಲಿ ತೋರಿಸುತ್ತಿದ್ದರೆ ಅಕ್ಷರ ಮಸುಕಾಗುತ್ತದೆ. ಅವರು ಕ್ಯಾಮೆರಾ ಆರಿಸಿ ಪರದೆಯ ಮೇಲೆ ಬರೆದು ಶೇರ್ ಮಾಡುವುದು ಮೇಲು. ಅಲುಗದ ಪುಟಕ್ಕೆ ಅಪ್‌ಲೋಡ್ ಕಡಿಮೆ ಸಾಕು.

ಇಷ್ಟಾದ ಮೇಲೂ ಒಂದು ದೂರು ಉಳಿಯಿತು: ಚಿತ್ರ ಚೆನ್ನಾಗಿದೆ, ಆದರೆ ಧ್ವನಿ ಕಟ್ ಕಟ್ ಆಗುತ್ತಿದೆ. ಚಿತ್ರ ಓಡುತ್ತ ಧ್ವನಿ ಮಾತ್ರ ಕಡಿದರೆ ಅಪ್‌ಲೋಡನ್ನು ದೂರುವುದು ತಪ್ಪು. ಇಲ್ಲಿ ಅಡ್ಡಬಂದದ್ದು ಆಡಿಯೊ ಸೆಟ್ಟಿಂಗಿನ Noise cancellation. ಫ್ಯಾನಿನ ಸದ್ದಿನಂಥ ಒಂದೇ ಸಮನೆಯ ಶಬ್ದವನ್ನು ಅಳಿಸಿ ಮಾತನ್ನಷ್ಟೇ ಉಳಿಸುವುದು ಅದರ ಕೆಲಸ. ಶ್ರುತಿಪೆಟ್ಟಿಗೆಯ ನಾದವೂ ಒಂದೇ ಸಮನೆಯದು, ಎಳೆದು ಹಿಡಿದ ಷಡ್ಜವೂ ಹಾಗೆಯೇ. ಅದು ಎರಡನ್ನೂ ಗದ್ದಲವೆಂದು ಬಗೆದು ನುಂಗುತ್ತಿತ್ತು. ಆರಿಸಿದ್ದೇ ಸ್ವರ ತುಂಬಿ ಕೇಳಿಸಿತು. ಜೂಮ್ ಬಳಸುವವರಿಗೆ ಇದಕ್ಕೆಂದೇ Original sound for musicians ಎಂಬ ಆಯ್ಕೆಯಿದೆ.

ಯಾವ ಸೆಟ್ಟಿಂಗಿಗೂ ಬಗ್ಗದ ತಡ ಒಂದಿದೆ, ಅದು ದೂರದ್ದು. ಮೈಸೂರಿನ ಸ್ವರ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಯ ಉತ್ತರ ಬರಲು ಸುಮಾರು ಕಾಲು ಸೆಕೆಂಡಾದರೂ ಬೇಕು. ಅಪ್‌ಲೋಡ್ ಹತ್ತು ಪಟ್ಟಾದರೂ ಗುರು ಶಿಷ್ಯರು ಒಟ್ಟಿಗೆ ಒಂದೇ ತಾಳದಲ್ಲಿ ಹಾಡಲಾಗದು. ಅದಕ್ಕೇ ಅವರು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಮಗು ತನ್ನ ತೊಡೆಯ ಮೇಲೆ ತಾನೇ ತಾಳ ಹಾಕಿಕೊಂಡು ಅದನ್ನು ಹಾಡಿ ಒಪ್ಪಿಸುತ್ತದೆ.